ಸ್ಕೇಲ್ ಹಿಡಿದವನು ಗೆಳೆಯ, ರಚನೆ ಮಾಡಿದವನು ಯಾರು?

ಹಿಂದಿನ ಬೆಂಚು

ಎಲ್ಲರಿಗೂ ನಮಸ್ಕಾರ. ನಾನು ಶಿಕ್ಷಕ ತರಬೇತಿಯಲ್ಲಿದ್ದೇನೆ, ವಿಷಯ ಗಣಿತ. ಬೋಧನಾಭ್ಯಾಸಕ್ಕೆ ಎಂಟನೇ ತರಗತಿ ಸಿಕ್ಕಿದೆ. ಅಲ್ಲಿ ಒಬ್ಬ ಹುಡುಗನಿಗೆ ಹುಟ್ಟಿನಿಂದ ಎಡ ಪಕ್ಕದ ಹೆಮಿಪ್ಲೀಜಿಯಾ, ಅಂದರೆ ದೇಹದ ಆ ಪಕ್ಕಕ್ಕೆ ಸ್ವಾಧೀನ ಕಡಿಮೆ. ನಡೆಯುತ್ತಾನೆ, ಬಲಗೈಯಲ್ಲಿ ಅಚ್ಚುಕಟ್ಟಾಗಿ ಬರೆಯುತ್ತಾನೆ, ಲೆಕ್ಕದಲ್ಲಿ ಚುರುಕು. ಎಡಗೈ ಮುಷ್ಟಿ ಮಾತ್ರ ಪೂರ್ತಿ ಬಿಚ್ಚುವುದಿಲ್ಲ.

ಪಾಠ ಲಂಬಾರ್ಧಕದ ರಚನೆ. 8 ಸೆಂ.ಮೀ. ಉದ್ದದ AB ಎಳೆದು, ಎರಡೂ ತುದಿಗಳಿಂದ ಒಂದೇ ತ್ರಿಜ್ಯದ ಕಂಸಗಳನ್ನು ಮೇಲೂ ಕೆಳಗೂ ಎಳೆದು, ಅವು ಸೇರುವ P ಮತ್ತು Q ಬಿಂದುಗಳನ್ನು ಜೋಡಿಸಬೇಕು. ಇವನು ಕೈವಾರ ತಿರುಗಿಸಿದರೆ ಹಾಳೆಯೂ ಜೊತೆಗೆ ತಿರುಗುತ್ತಿತ್ತು. ಗೆರೆ ಎಳೆಯಲು ಹೋದರೆ ಸ್ಕೇಲ್ ಜಾರುತ್ತಿತ್ತು. ಪಕ್ಕದಲ್ಲಿದ್ದ ಅವನ ಗೆಳೆಯನಿಗೆ ಸಹಾಯ ಮಾಡಲು ಹೇಳಿದೆ. ಇಬ್ಬರೂ ಸೇರಿ ಪೀರಿಯಡ್ ಮುಗಿಯುವ ಮೊದಲೇ ಚಿತ್ರ ಮುಗಿಸಿದರು.

ಹಿಂದೆ ಕೂತಿದ್ದ ನಮ್ಮ ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ಒಂದೇ ಸಾಲು ಬರೆದರು: "ರಚನೆ ಮಾಡಿದ್ದು ಯಾರು?" ಆಮೇಲೆ ನಾನು ಕೊಟ್ಟ ರಿಫ್ಲೆಕ್ಷನ್ ಪ್ರಬಂಧವೂ ವಾಪಸ್ ಬಂತು. "ನಿಮ್ಮ ಬಗ್ಗೆ ಬೇಕಾದಷ್ಟಿದೆ. ಅವನು ಏನು ಕಲಿತ ಅನ್ನುವುದು ಎಲ್ಲೂ ಇಲ್ಲ" ಅಂತ ಷರಾ.

ರಿಫ್ಲೆಕ್ಷನ್ ಅಂದರೆ ನನ್ನ ಬಗ್ಗೆಯೇ ಅಲ್ವಾ ಬರೆಯಬೇಕಾದ್ದು? ಇನ್ನೊಂದು ಪ್ರಶ್ನೆ: ಗೆಳೆಯನ ಸಹಾಯದಿಂದ ಮುಗಿಸಿದ್ದನ್ನು ಸಮನ್ವಯ ಶಿಕ್ಷಣ ಅಂತ ಬರೆಯಬಹುದಾ, ಬಾರದಾ? ನನ್ನ ಪ್ರಕಾರ ಬರೆಯಬಹುದು.

ಸೀದಾ ಮಾತು

ಧಾರಾಳವಾಗಿ ಬರೆಯಿರಿ. ಹುಡುಗ ತರಗತಿಯಲ್ಲಿ ಕೂತ, ಎಲ್ಲರ ಜೊತೆ ಅದೇ ಚಿತ್ರ ಬರೆದ, ಗೆಳೆಯ ಕೈಜೋಡಿಸಿದ. ಮಾರ್ಗದರ್ಶಕರಿಗೆ ಕೊಂಕು ಹುಡುಕುವುದೇ ಕೆಲಸ.

ಎಲ್ಲರಿಗೂ ಒಂದೇ

ಸಹಾಯ ಕೊಟ್ಟಿದ್ದೇ ಸರಿಯಲ್ಲ. ಅದೇ ಕೆಲಸ ಕೊಡಿ, ಸಮಯ ಮಾತ್ರ ಜಾಸ್ತಿ ಕೊಡಿ. ಬೇರೆಯವರು 15 ನಿಮಿಷದಲ್ಲಿ ಮುಗಿಸಿದರೆ ಇವನಿಗೆ 30 ನಿಮಿಷ. ಆಗ ಎಲ್ಲರಿಗೂ ಒಂದೇ ಅಳತೆಗೋಲು, ಯಾರು ಮಾಡಿದ್ದು ಅನ್ನುವ ಪ್ರಶ್ನೆಯೂ ಏಳುವುದಿಲ್ಲ. ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ ಕೊಡುವುದು ಅದಕ್ಕೇ ತಾನೇ?

ಒಂದು ಕೈ ಸಾಕು

@ಎಲ್ಲರಿಗೂ ಒಂದೇ, ನನಗೂ ಹೆಮಿಪ್ಲೀಜಿಯಾ, ಬಲ ಪಕ್ಕ. ನಿಧಾನವಾಗಿ ಬರೆಯುವವನಿಗೆ ಹೆಚ್ಚುವರಿ ಸಮಯ ಖಂಡಿತ ಬೇಕು. ಆದರೆ ಸ್ಕೇಲ್ ಒತ್ತಿ ಹಿಡಿಯುವುದು ಮತ್ತು ಪೆನ್ಸಿಲ್ ಎಳೆಯುವುದು ಏಕಕಾಲಕ್ಕೆ ಆಗಬೇಕಾದ ಎರಡು ಕೆಲಸ. ಒಂದೇ ಕೈಗೆ ಒಂದು ಗಂಟೆ ಕೊಟ್ಟರೂ ಅದು ಎರಡು ಕೈ ಆಗುವುದಿಲ್ಲ. ಹಾಳೆ ಮತ್ತೆ ಮತ್ತೆ ಜಾರುತ್ತದೆ, ಕೈ ಸೋಲುತ್ತದೆ, ಕೊನೆಯ ಪ್ರಯತ್ನ ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತದೆ. ನಾನು ಪೂರ್ತಿ ಶಾಲಾ ದಿನಗಳನ್ನು ಹೀಗೇ ಕಳೆದಿದ್ದೇನೆ.

@ಹಿಂದಿನ ಬೆಂಚು, ನಿಮ್ಮ ಮಾರ್ಗದರ್ಶಕರ ಪ್ರಶ್ನೆ ನನಗೆ ಇಷ್ಟವಾಯಿತು. ನನಗೆ ಗುಂಪು ಕೆಲಸದಲ್ಲಿ ಯಾವಾಗಲೂ ಸಿಗುತ್ತಿದ್ದದ್ದು ಓದಿ ಹೇಳುವ ಕೆಲಸ, ಸಮಯ ನೋಡುವ ಕೆಲಸ. ಚಿತ್ರದ ಕೆಳಗೆ ನನ್ನ ಹೆಸರೂ ಇರುತ್ತಿತ್ತು. ಕೈವಾರ ಮುಟ್ಟಿರುತ್ತಿರಲಿಲ್ಲ. ಅದನ್ನೂ "ಒಳಗೊಂಡರು" ಅಂತಲೇ ದಾಖಲೆಯಲ್ಲಿ ಬರೆದಿರಬೇಕು.

ಚಾಕ್ ಪುಡಿ

ಗಣಿತದ ಪ್ರಶಿಕ್ಷಣಾರ್ಥಿಗಳ ಪಾಠಗಳನ್ನು ಹಿಂದೆ ಕೂತು ನೋಡಿ ನೋಡಿ ತಲೆ ನರೆತಿರುವವನು ನಾನು. ಅದಕ್ಕೇ ಒಂದೆರಡು ಪ್ರಶ್ನೆ. ಕೈವಾರವನ್ನು ಎಷ್ಟು ಅಗಲಿಸಬೇಕು ಅಂತ ನಿರ್ಧರಿಸಿದ್ದು ಯಾರು? ಮುಳ್ಳು ಎಲ್ಲಿ ಇಡಬೇಕು ಅಂತ ಹೇಳಿದ್ದು ಯಾರು? ಚಿತ್ರ ಮೊದಲ ಸಲವೇ ಸರಿ ಬಂತಾ, ಮಧ್ಯೆ ಏನಾದರೂ ಕೆಟ್ಟಿತಾ? ನೆನಪಿರುವಷ್ಟು ಹೇಳಿ. "ಸಹಾಯ ಮಾಡಿದ" ಅನ್ನುವ ಒಂದು ಮಾತಿನಿಂದ ಏನೂ ಗೊತ್ತಾಗುವುದಿಲ್ಲ.

ಹಿಂದಿನ ಬೆಂಚು

ಸರ್, ಶುರುವಿನಲ್ಲಿ ಗೆಳೆಯನೇ ಕೈವಾರ ತಗೊಂಡ. 3 ಸೆಂ.ಮೀ. ಇರಬೇಕು, ಅಗಲಿಸಿ ಎರಡೂ ತುದಿಯಿಂದ ಕಂಸ ಎಳೆದ. ಕಂಸಗಳು ಸೇರಲೇ ಇಲ್ಲ. ಅವನು ರಬ್ಬರ್ ತಗೊಂಡು ಅಳಿಸಿ ಅದೇ ಅಗಲದಲ್ಲಿ ಇನ್ನೂ ಉದ್ದಕ್ಕೆ ಎಳೆಯಲು ಹೊರಟ. ಆಗ ಇವನು "ಉದ್ದ ಎಳೆದರೆ ಸೇರಲ್ಲ ಕಣೋ, ಅಗಲ ಸಾಲದು. ನಾಲ್ಕಕ್ಕಿಂತ ಜಾಸ್ತಿ ಮಾಡು" ಅಂದ. ಆಮೇಲೆ ಕೈವಾರವನ್ನು ತಾನೇ ತಗೊಂಡು ಸ್ಕೇಲ್ ಮೇಲಿಟ್ಟು 5ಕ್ಕೆ ಅಗಲಿಸಿದ. ಗೆಳೆಯ ಹಾಳೆ ಒತ್ತಿ ಹಿಡಿದ, ಇವನು ಕಂಸ ಎಳೆದ. ಕೊನೆಗೆ PQ ಎಳೆಯುವಾಗ ಗೆಳೆಯ ಸ್ಕೇಲ್ ಹಿಡಿದ, ಇವನು "ಸ್ವಲ್ಪ ಮೇಲೆ, ಸಾಕು" ಅಂತ ಹೇಳಿ ಗೆರೆ ಎಳೆದ.

ನಾನು ಆಗ ಎರಡು ಬೆಂಚು ಆಚೆ ಇದ್ದೆ, ಮಾತು ಕೇಳಿಸುತ್ತಿತ್ತು. ಇದನ್ನು ಪ್ರಬಂಧದಲ್ಲಿ ಬರೆದಿಲ್ಲ. ಮುಖ್ಯ ಅನ್ನಿಸಲಿಲ್ಲ.

ಸೀದಾ ಮಾತು

ಅಯ್ಯೋ ಮಾರಾಯ್ರೇ, ಮುಖ್ಯವಾದದ್ದು ಅದೊಂದೇ!

ಚಾಕ್ ಪುಡಿ

ಹೌದು. ನಿಮ್ಮ ಮಾರ್ಗದರ್ಶಕರಿಗೆ ಕೊಡಬೇಕಾದ ಉತ್ತರ ಅಲ್ಲಿದೆ.

ಕಂಸಗಳು ಸೇರಬೇಕಾದರೆ ಎರಡು ತ್ರಿಜ್ಯ ಕೂಡಿದರೆ AB ಗಿಂತ ಜಾಸ್ತಿ ಇರಬೇಕು. 3 ಮತ್ತು 3 ಸೇರಿದರೆ 6, AB ಇರುವುದು 8. ಪೂರ್ತಿ ವೃತ್ತ ಎಳೆದರೂ ಸೇರುವುದಿಲ್ಲ. ಗೆಳೆಯನಿಗೆ ಕೈ ಇತ್ತು, ಇದು ಹೊಳೆದಿರಲಿಲ್ಲ. ಇವನಿಗೆ ಹೊಳೆದಿತ್ತು. ಪಠ್ಯದಲ್ಲಿ "ಅರ್ಧಕ್ಕಿಂತ ಹೆಚ್ಚು ತ್ರಿಜ್ಯ" ಅಂತ ಬರೆದಿರುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕಂಸ ಸೇರದೆ ನಿಂತಾಗ ಕಾರಣ ಹೇಳುವವರು ಬಹಳ ಕಡಿಮೆ.

ಈಗ ನಿಮ್ಮ ಪಾಠ ಯೋಜನೆ ತೆಗೆದು ನೋಡಿ. ಉದ್ದೇಶ ಏನು ಅಂತ ಬರೆದಿದ್ದೀರಿ? "ಲಂಬಾರ್ಧಕದ ಮೇಲಿನ ಪ್ರತಿ ಬಿಂದುವೂ A ಮತ್ತು B ಇಂದ ಸಮದೂರದಲ್ಲಿದೆ ಎಂದು ತಿಳಿದು ರಚಿಸುವುದು" ಅಂತಿದ್ದರೆ, ಗೆಳೆಯ ಹಾಳೆ ಒತ್ತಿ ಹಿಡಿದಿದ್ದರಿಂದ ಆ ಉದ್ದೇಶಕ್ಕೆ ಏನೂ ಚ್ಯುತಿ ಇಲ್ಲ. ರಚನೆ ಇವನದೇ. ಅದೇ ಉದ್ದೇಶ "ಕೈವಾರ ಮತ್ತು ಸ್ಕೇಲನ್ನು ನಿಖರವಾಗಿ ಬಳಸುವುದು" ಅಂತಿದ್ದರೆ ಕಥೆ ಬೇರೆ. ಆಗ ಉಪಕರಣವನ್ನೇ ಬದಲಾಯಿಸಿ ಅವನೊಬ್ಬನೇ ಮಾಡುವ ಹಾಗೆ ಮಾಡಬೇಕಿತ್ತು. ಗೆಳೆಯನ ಕೈ ಅಲ್ಲಿ ಉತ್ತರವನ್ನೇ ಕೊಟ್ಟ ಹಾಗಾಗುತ್ತದೆ.

ಬಹುತೇಕ ಪಾಠ ಯೋಜನೆಗಳಲ್ಲಿ ಸುಮ್ನೆ "ಲಂಬಾರ್ಧಕ ರಚಿಸುವರು" ಅಂತಿರುತ್ತದೆ. ಎರಡೂ ಒಳಗೆ ಕಲಸಿಹೋಗಿರುತ್ತವೆ. ಎರಡು ಕೈ ಸರಿ ಇರುವ ಮಕ್ಕಳಲ್ಲಿ ಆ ಕಲಸುಮೇಲೋಗರ ಕಾಣಿಸುವುದಿಲ್ಲ. ಇವನು ಬಂದಾಗ ಕಾಣಿಸಿತು. ನೀವು ವಿಶ್ಲೇಷಣೆ ಮಾಡಬೇಕಾದ್ದು ಅದನ್ನು.

ಎಲ್ಲರಿಗೂ ಒಂದೇ

ಸಮಯದ ವಿಷಯದಲ್ಲಿ @ಒಂದು ಕೈ ಸಾಕು ಹೇಳಿದ್ದು ಒಪ್ಪಿದೆ. ಆದರೆ ನಿಖರತೆಗೆ ಅಂಕ ಇರುತ್ತದಲ್ಲ ಸರ್? ಗೆರೆ 1 ಮಿ.ಮೀ. ಆಚೀಚೆ ಹೋದರೆ ಅದು ಕೈಯ ತೊಂದರೆಯೋ ತಲೆಯ ತೊಂದರೆಯೋ ಅಂತ ಹೇಗೆ ಗೊತ್ತಾಗಬೇಕು? "ಪಾಪ" ಅಂತ ಅಂಕ ಕೊಡುವುದಾ?

ಚಾಕ್ ಪುಡಿ

ಒಳ್ಳೆಯ ಪ್ರಶ್ನೆ. ಹಾಳೆಯೇ ಹೇಳುತ್ತದೆ, ನೋಡಲು ಬರಬೇಕು ಅಷ್ಟೆ.

ತ್ರಿಜ್ಯ 5, AB 8 ಆದರೆ P ಮತ್ತು Q ಗೆರೆಯಿಂದ ತಲಾ 3 ಸೆಂ.ಮೀ. ದೂರ ಇರಬೇಕು. 4, 3, 5 ಬಾಹುಗಳ ಲಂಬಕೋನ ತ್ರಿಭುಜ. ತಪ್ಪು ಹುಡುಕುವುದು ಸುಲಭ ಅಂತಲೇ ನಾನು ಈ ಅಳತೆ ಕೊಡುತ್ತೇನೆ. A ಇಂದ B ಗೆ ಹೋಗುವಾಗ ಕೈವಾರ ಸಡಿಲಾಗಿ 5 ಇದ್ದದ್ದು 5.2 ಆಯಿತು ಅಂದುಕೊಳ್ಳಿ. ಆಗಲೂ PQ ಗೆರೆ AB ಗೆ ಲಂಬವಾಗಿಯೇ ಬರುತ್ತದೆ. ಮಧ್ಯಬಿಂದು ಮಾತ್ರ ಸುಮಾರು 1.3 ಮಿ.ಮೀ. A ಕಡೆ ಸರಿಯುತ್ತದೆ. ಅಂದರೆ "ಲಂಬ ಸರಿ, ಅರ್ಧ ತಪ್ಪು" ಅಂತ ಕಂಡರೆ ಮೊದಲು ಕೈವಾರದ ತಿರುಪು ನೋಡಿ, ಹುಡುಗನ ತಲೆ ಅಲ್ಲ.

ಹಾಳೆ ತಿರುಗಿದರೆ ಗುರುತು ಬೇರೆ. ಮುಳ್ಳು ಚುಚ್ಚಿದ ಜಾಗದಲ್ಲೇ ಇದ್ದು ಹಾಳೆ ಕೈವಾರದ ಜೊತೆ ಸುತ್ತಿದರೆ ಕಂಸ ಮೊಟಕಾಗುತ್ತದೆ, ವಕ್ರ ಆಗುವುದಿಲ್ಲ. ಮುಳ್ಳು ಎದ್ದು ಬೇರೆ ಕಡೆ ಕೂತರೆ A ಹತ್ತಿರ ಎರಡು ತೂತು ಕಾಣುತ್ತವೆ. ಹಾಳೆಯನ್ನು ಬೆಳಕಿಗೆ ಹಿಡಿಯಿರಿ, ಗೊತ್ತಾಗುತ್ತದೆ. ತಿಳಿವಳಿಕೆಯ ತಪ್ಪು ಅಂದರೆ ಗೆಳೆಯ ಮಾಡಿದ್ದು: ಚೊಕ್ಕ ಕಂಸ, ಒಂದೇ ತೂತು, ಆದರೆ ಸೇರಲು ಸಾಧ್ಯವೇ ಇಲ್ಲದ ತ್ರಿಜ್ಯ. ಪಾಪ ಅನ್ನುವ ಮಾತೇ ಬೇಕಿಲ್ಲ.

ಗಾಳಿಪಟ

ಕೈವಾರದ ವಿಷಯ ಬಂದಿದ್ದರಿಂದ ಹೇಳ್ತೀನಿ. ಜಾಮಿಟ್ರಿ ಬಾಕ್ಸಿನಲ್ಲಿ ಬರುವ ಸಡಿಲ ಕೀಲಿನ ಕೈವಾರ ಯಾರಿಗೂ ಪ್ರಯೋಜನ ಇಲ್ಲ. ಮಧ್ಯದಲ್ಲಿ ಚಕ್ರದ ತಿರುಪು ಇರುತ್ತದಲ್ಲ, ಡ್ರಾಯಿಂಗ್‌ನವರು ಬಳಸುವುದು, ಅದು ಒಮ್ಮೆ ನಿಲ್ಲಿಸಿದ ಅಗಲ ಬಿಡುವುದಿಲ್ಲ. ಒಂದೇ ಕೈಯಲ್ಲಿ ಬಳಸುವವರಿಗಂತೂ ಅದೇ ಬೇಕು.

ಎಡಚ

ಒಂದು ಕೈ ವಿಷಯ ಬಿಡಿ, ಎಡಗೈಯವರ ಕತ್ತರಿ ಬಗ್ಗೆ ಯಾರೂ ಮಾತಾಡಲ್ಲ. ಶಾಲೆಯಲ್ಲಿ ನಾನು ಕತ್ತರಿಸಿದ ಕಾಗದಗಳೆಲ್ಲ ಇಲಿ ಕಚ್ಚಿದ ಹಾಗೆ ಇರುತ್ತಿದ್ದವು.

ಕೈಕೆಲಸದಾಕೆ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಮಕ್ಕಳ ಜೊತೆ ಕೆಲಸ. ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ಇಂಥ ಮಕ್ಕಳಿಗೆ ಶಿಕ್ಷಕರು ಪದೇ ಪದೇ ಹೇಳುವ "ಎಡಗೈಯಲ್ಲಿ ಹಿಡ್ಕೋ, ಪ್ರಯತ್ನ ಮಾಡು" ಅನ್ನುವ ಮಾತು. ನಾವೂ ಥೆರಪಿಯಲ್ಲಿ ಆ ಕೈಯನ್ನು ಸಹಾಯದ ಕೈಯಾಗಿ ಬಳಸಲು ಕಲಿಸುತ್ತೇವೆ, ಅದು ನಿಜ. ಆದರೆ ಹೆಮಿಪ್ಲೀಜಿಯಾದಲ್ಲಿ ಸರಿ ಇರುವ ಕೈ ಗಟ್ಟಿಯಾಗಿ, ಸೂಕ್ಷ್ಮವಾಗಿ ಕೆಲಸ ಮಾಡುವಾಗ ಇನ್ನೊಂದು ಕೈ ತಾನಾಗಿಯೇ ಬಿಗಿಯಾಗುವುದುಂಟು. ಮುಷ್ಟಿ ಮಡಚುತ್ತದೆ, ಮೊಣಕೈ ಒಳಗೆ ಎಳೆದುಕೊಳ್ಳುತ್ತದೆ. ಮಗು ಬೇಕೆಂದು ಮಾಡುವುದಲ್ಲ. ಕೈವಾರ ತಿರುಗಿಸುವ ಹೊತ್ತಿಗೆ ಸರಿಯಾಗಿ ಸ್ಕೇಲ್ ಮೇಲಿನ ಮುಷ್ಟಿ ಕದಲುತ್ತದೆ. ಲೆಕ್ಕದ ಪೀರಿಯಡ್‌ನಲ್ಲಿ ಅವನ ಗಮನವೆಲ್ಲ ಆ ಕೈ ಕಾಯುವುದಕ್ಕೇ ಹೋದರೆ ಸಮದೂರದ ಬಗ್ಗೆ ಯಾವಾಗ ಯೋಚಿಸಬೇಕು?

ಎರಡನೆಯದು ಉಪಾಯ. ಮೇಜಿನ ಮೇಲೆ ಜಾರದ ರಬ್ಬರ್ ಮ್ಯಾಟ್, ಅದರ ಮೇಲೆ ದಪ್ಪ ರಟ್ಟು, ರಟ್ಟಿಗೆ ಹಾಳೆಯ ನಾಲ್ಕೂ ಮೂಲೆ ಟೇಪು ಹಾಕಿ ಅಂಟಿಸುವುದು. ಕೈವಾರದ ಮುಳ್ಳು ರಟ್ಟಿನೊಳಗೆ ಇಳಿಯುವುದರಿಂದ ಮೇಲೇಳುವುದಿಲ್ಲ. ಸ್ಕೇಲು ಉದ್ದದ್ದು ಬೇಡ, 15 ಸೆಂ.ಮೀ. ಸಾಕು. ಹಿಂಬದಿಗೆ ತೆಳು ರಬ್ಬರ್ ಪಟ್ಟಿ ಅಂಟಿಸಿ. ಎಡಗೈ ಇಡುವುದಾದರೆ ಮುಷ್ಟಿ ಬೇಡ, ಮುಂಗೈಯ ಭಾರವನ್ನು ಸ್ಕೇಲಿನ ನಡುವೆ ಇಡಲಿ. ತುದಿಯಲ್ಲಿ ಒತ್ತಿದರೆ ಪೆನ್ಸಿಲ್ ತಳ್ಳಿದ ಕೂಡಲೇ ಇನ್ನೊಂದು ತುದಿ ತಿರುಗುತ್ತದೆ. ರಟ್ಟನ್ನೇ ಬೇಕಾದ ಹಾಗೆ ತಿರುಗಿಸಿಕೊಂಡು ಗೆರೆಯನ್ನು ತನ್ನ ಕಡೆಗೆ ಎಳೆದುಕೊಳ್ಳಲಿ.

ಇಷ್ಟೆಲ್ಲ ಮಾಡಿದರೂ ಕೈ ಬಿಗಿಯಾಗುವ ದಿನ ಇರುತ್ತದೆ. ಅವತ್ತು ಬಿಟ್ಟುಬಿಡಿ. ಗಣಿತದ ಪೀರಿಯಡ್ಡನ್ನು ಥೆರಪಿ ಪೀರಿಯಡ್ ಮಾಡಬೇಡಿ.

ಗಾಳಿಪಟ

ಇಷ್ಟೆಲ್ಲಾ ಯಾಕೆ? ಹಾಳೆ ಮಡಚಿಸಿ. A ಮೇಲೆ B ಬರುವ ಹಾಗೆ ಮಡಚಿದರೆ ಮಡಿಕೆಯೇ ಲಂಬಾರ್ಧಕ. ಕೈವಾರವೂ ಬೇಡ, ಸ್ಕೇಲೂ ಬೇಡ.

ಒಂದು ಕೈ ಸಾಕು

ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮಡಚಿ ನೋಡಿ. ಎರಡು ಚುಕ್ಕೆ ಸೇರಿಸಿ ಹಿಡಿದುಕೊಂಡೇ ಮಡಿಕೆ ಒತ್ತಬೇಕು. ಕೈವಾರಕ್ಕಿಂತ ಕಷ್ಟ.

ಗಾಳಿಪಟ

ಮಡಚಿ ನೋಡಿದೆ. ನಿಮ್ಮ ಮಾತು ನಿಜ. ತೆಗೆದುಕೊಂಡೆ ಹಿಂದಕ್ಕೆ.

ಎರಡು ಜಡೆ

ನನ್ನ ಮಗಳು ಗಾಲಿಕುರ್ಚಿ ಬಳಸುತ್ತಾಳೆ. ವಿಜ್ಞಾನ ಪ್ರಯೋಗಾಲಯದ ಮೇಜು ಅವಳ ಗಲ್ಲದ ಮಟ್ಟಕ್ಕೆ ಬರುತ್ತದೆ. ಆಮ್ಲ, ಬರ್ನರ್ ಎಲ್ಲ ಇರುವ ಕಡೆ ಹತ್ತಿರ ಬಿಡಲ್ಲ ಅಂತಾರೆ. ದೂರದಿಂದ ನೋಡ್ತಾಳೆ. ನಿಮ್ಮಲ್ಲಿ ಯಾರಾದರೂ ಶಾಲೆಗೆ ಹೇಗೆ ಕೇಳಬೇಕು ಅಂತ ಹೇಳ್ತೀರಾ?

ಕೈಕೆಲಸದಾಕೆ

@ಎರಡು ಜಡೆ, ಇಲ್ಲಿನ ವಿಷಯ ಬೇರೆ, ಆದರೂ ಚಿಕ್ಕದಾಗಿ ಹೇಳುತ್ತೇನೆ. ಎಲ್ಲ ಮೇಜು ಬದಲಿಸಿ ಅಂತ ಕೇಳಬೇಡಿ, ಅಲ್ಲೇ ಮಾತು ನಿಂತುಹೋಗುತ್ತದೆ. ಕೆಳಗೆ ಮೊಣಕಾಲು ಹೋಗುವಷ್ಟು ಜಾಗ ಇರುವ, ತಗ್ಗಾದ ಒಂದು ಸಾಮಾನ್ಯ ಮೇಜು ಕೇಳಿ. ಅವಳ ತಂಡ ಪೂರ್ತಿ ಆ ಮೇಜಿಗೆ ಬರಲಿ, ಅವಳೊಬ್ಬಳನ್ನೇ ಕೂರಿಸುವುದು ಬೇಡ. ಬಿಸಿ ವಸ್ತು ತೊಡೆ ಮೇಲೆ ಚೆಲ್ಲುವ ಭಯ ಸುಳ್ಳಲ್ಲ, ಅದಕ್ಕೆ ಏಪ್ರನ್ ಮತ್ತು ಅಂಚು ಇರುವ ಟ್ರೇ ಬೇಕು.

ಎರಡು ಜಡೆ

ಥ್ಯಾಂಕ್ಸ್ ಅಕ್ಕ. ತಂಡವೇ ಅವಳ ಮೇಜಿಗೆ ಬರಲಿ ಅನ್ನುವುದು ನನಗೆ ಹೊಳೆದಿರಲಿಲ್ಲ.

ತಂತಿ ಬೇಲಿ

ಕಂಪ್ಯೂಟರ್ ಇದ್ದರೆ ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶದಲ್ಲಿ ಮಾಡಿಸಿ. ಹಾಳೆ ಜಾರುವ ಪ್ರಶ್ನೆಯೇ ಇಲ್ಲ. ಆದರೆ ಅದರಲ್ಲಿ ಲಂಬಾರ್ಧಕಕ್ಕೇ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಗೆರೆ ತಾನೇ ಬರುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ. ಟೂಲ್‌ಬಾರ್‌ನಿಂದ ಆ ಬಟನ್ ತೆಗೆದುಬಿಡಿ. ಇಲ್ಲವೇ ಹೀಗೆ ಟೈಪ್ ಮಾಡಿಸಿ:

```
A = (0, 0)
B = (8, 0)
c = Circle(A, 3)
d = Circle(B, 3)
P = Intersect(c, d, 1)
Q = Intersect(c, d, 2)
Line(P, Q)
```

ಬೇಕೆಂದೇ 3 ಹಾಕಿದ್ದೇನೆ. P ಮತ್ತು Q ಸಿಗುವುದಿಲ್ಲ. ಆಮೇಲೆ ಎರಡೂ ಕಡೆ 3 ಇರುವಲ್ಲಿ 5 ಹಾಕಲಿ, ಯಾಕೆ ಅಂತ ಹೇಳಲಿ. ಇದನ್ನು ಇಡೀ ತರಗತಿಗೆ ಮಾಡಿಸಬಹುದು. ಆ ಗೆಳೆಯನಿಗಂತೂ ಮಾಡಿಸಲೇಬೇಕು.

ಎಲ್ಲರಿಗೂ ಒಂದೇ

ಪರೀಕ್ಷೆಯಲ್ಲಿ ಕಾಗದ, ತರಗತಿಯಲ್ಲಿ ಕಂಪ್ಯೂಟರ್. ಕೊನೆಗೆ ಸಿಕ್ಕಿಹಾಕಿಕೊಳ್ಳುವುದು ಅವನೇ.

ತಂತಿ ಬೇಲಿ

ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ನಿಯಮದ ಪುಸ್ತಕ

ಉತ್ತರ ಇದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, 2006. ಅದರ 24ನೇ ವಿಧಿ ಶಿಕ್ಷಣದ್ದು. ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಕೊಡಬೇಕು ಅಂತ ಅಲ್ಲಿ ಸ್ಪಷ್ಟವಾಗಿದೆ. 2016ರಲ್ಲಿ ಅದಕ್ಕೆ ವಿವರಣೆಯಾಗಿ ಬಂದ ನಾಲ್ಕನೇ ಸಾಮಾನ್ಯ ಅಭಿಪ್ರಾಯ ಓದಿ. ಮಗುವನ್ನು ಇದ್ದ ವ್ಯವಸ್ಥೆಯೊಳಗೆ ತಂದು ಕೂರಿಸುವುದೇ ಬೇರೆ, ವ್ಯವಸ್ಥೆಯನ್ನೇ ಬದಲಿಸಿ ಒಳಗೊಳ್ಳುವುದೇ ಬೇರೆ ಅನ್ನುತ್ತದೆ. ಈ ಪಾಠದಲ್ಲಿ ನಡೆದದ್ದು ಮೊದಲನೆಯದು. ಪಾಠ ಹಾಗೇ ಇತ್ತು, ಅವನಿಗೆ ಒಂದು ಜೊತೆ ಕೈ ಕೊಟ್ಟರು ಅಷ್ಟೆ. ಜೊತೆಗೆ ಶಿಕ್ಷಣ ಸಂಶೋಧಕ ಗಿಯಾಂಗ್ರೆಕೊ ಮತ್ತು ಸಂಗಡಿಗರು 1997ರಲ್ಲೇ ತೋರಿಸಿದ್ದಾರೆ, ಸಹಾಯಕರು ಪಕ್ಕದಲ್ಲೇ ಅಂಟಿಕೊಂಡಿದ್ದರೆ ಮಗು ಅವರ ಮೇಲೇ ಆತುಕೊಳ್ಳುತ್ತದೆ, ಉಳಿದ ಮಕ್ಕಳಿಂದ ದೂರ ಆಗುತ್ತದೆ ಅಂತ. ಆದ್ದರಿಂದ ಗೆಳೆಯನ ಸಹಾಯ ತಪ್ಪು.

ಚಾಕ್ ಪುಡಿ

ಅರ್ಧ ಒಪ್ಪುತ್ತೇನೆ. ಪಾಠ ಬದಲಾಗಲಿಲ್ಲ ಅನ್ನುವುದು ಸರಿ. ಆದರೆ ಗಿಯಾಂಗ್ರೆಕೊ ನೋಡಿದ್ದು ದೊಡ್ಡವರನ್ನು, ಮಗುವಿನ ಪಕ್ಕ ಸದಾ ಕುರ್ಚಿ ಹಾಕಿಕೊಂಡು ಕೂರುವ ಸಹಾಯಕ ಸಿಬ್ಬಂದಿಯನ್ನು. ಅದನ್ನು ತಂದು ಪಕ್ಕದ ಬೆಂಚಿನ ಹುಡುಗನ ತಲೆಗೆ ಕಟ್ಟಬೇಡಿ. ಇಲ್ಲಿ ಆ ಹುಡುಗನಿಗೆ ಇವನೇ ಹೇಳಿಕೊಟ್ಟ.

ಕಪ್ಪು ಹಲಗೆ

ಒಬ್ಬರೂ ಕೇಳಲಿಲ್ಲ, ನಾನೇ ಕೇಳುತ್ತೇನೆ. ಆ ಗೆಳೆಯ ತನ್ನ ಹಾಳೆಯಲ್ಲಿ ಚಿತ್ರ ಬರೆದನಾ?

ಹಿಂದಿನ ಬೆಂಚು

ಇಲ್ಲ ಮೇಡಂ. ಆಮೇಲೆ ಬೋರ್ಡಿನಿಂದ ನಕಲು ಮಾಡಿಕೊಂಡ.

ಕಪ್ಪು ಹಲಗೆ

ಹಾಗಾದರೆ ಪ್ರಬಂಧದಲ್ಲಿ ಅವನ ಬಗ್ಗೆಯೂ ಒಂದು ಪ್ಯಾರಾ ಬೇಕು. 3 ಸೆಂ.ಮೀ. ತಪ್ಪು ಮಾಡಿದವನು ಅವನು. ಸರಿಯಾದ ರಚನೆಯನ್ನು ಸ್ವಂತವಾಗಿ ಒಮ್ಮೆಯೂ ಮಾಡದೆ ಮನೆಗೆ ಹೋದವನೂ ಅವನೇ. ಎಲ್ಲರ ಕಣ್ಣು ಇವನ ಕೈ ಮೇಲಿತ್ತು.

ಹಿಂದಿನ ಬೆಂಚು

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಪ್ರಬಂಧದ ಎರಡನೇ ಭಾಗದಿಂದ ಒಂದಿಷ್ಟು ಹಾಕುತ್ತೇನೆ, ರಿಫ್ಲೆಕ್ಷನ್ ಬರೆಯಲು ನಮಗೆ ಕೊಟ್ಟಿರುವ ಗಿಬ್ಸ್ ಚಕ್ರ ಅನ್ನುವ ಹಂತಗಳ ಚೌಕಟ್ಟಿನಲ್ಲಿ "ಭಾವನೆಗಳು" ಅನ್ನುವ ಹಂತದ್ದು. ಇದರಲ್ಲಿ ಏನು ಜಾಸ್ತಿ ಆಯಿತು ಹೇಳಿ:

"ಅವನ ಪುಟ್ಟ ಕೈ ನಡುಗುತ್ತಿದ್ದರೂ ಮುಖದಲ್ಲಿ ನಗು ಮಾಸಲಿಲ್ಲ. ಆ ಕ್ಷಣ ನನ್ನ ಕಣ್ಣು ತುಂಬಿ ಬಂತು. ಎರಡು ಕೈ ಇದ್ದೂ ಗೊಣಗುವ ನನಗೆ ಅವನೇ ಗುರುವಾದ."

ಒಂದು ಕೈ ಸಾಕು

ಮೂರು ವಾಕ್ಯ, ಗಣಿತ ಎಲ್ಲೂ ಇಲ್ಲ. ಅವನು ಹದಿಮೂರು ವರ್ಷದ ಹುಡುಗ. ಗೆಳೆಯನ ತಪ್ಪು ಹಿಡಿದ ಖುಷಿಗೆ ನಕ್ಕಿರಬಹುದು.

ಆಸ್ಟ್ರೇಲಿಯಾದ ಪತ್ರಕರ್ತೆ, ಹಾಸ್ಯ ಕಲಾವಿದೆ ಸ್ಟೆಲ್ಲಾ ಯಂಗ್ 2014ರ ಒಂದು ಭಾಷಣದಲ್ಲಿ ಹೇಳಿಕೊಂಡ ಪ್ರಸಂಗ ಇದೆ. ಅವರು ಗಾಲಿಕುರ್ಚಿ ಬಳಸುತ್ತಿದ್ದರು, ಮೊದಲು ಶಾಲೆಯಲ್ಲಿ ಪಾಠ ಮಾಡಿದ್ದವರು. ಒಂದು ಕಾನೂನಿನ ಪಾಠ ಶುರುವಾಗಿ 20 ನಿಮಿಷ ಆದ ಮೇಲೆ ಒಬ್ಬ ಹುಡುಗ ಕೈಯೆತ್ತಿ, ನಿಮ್ಮ ಭಾಷಣ ಯಾವಾಗ ಶುರು ಮಾಡ್ತೀರಿ ಅಂತ ಕೇಳಿದನಂತೆ. ಅಂಗವಿಕಲರು ಶಾಲೆಗೆ ಬಂದರೆ ಸ್ಫೂರ್ತಿ ತುಂಬಲಿಕ್ಕೇ ಬರುವುದು ಅಂತ ಅವನಿಗೆ ರೂಢಿಯಾಗಿತ್ತು. ನಿಮ್ಮ ಪ್ಯಾರಾದಲ್ಲೂ ಅವನಿಗೆ ಸಿಕ್ಕಿರುವುದು ಅದೇ ಪಾತ್ರ.

ಸೀದಾ ಮಾತು

ಸ್ವಲ್ಪ ಕಟುವಾಯಿತು. ಚಿಕ್ಕ ವಯಸ್ಸು, ಮೊದಲ ಸಲ ಪಾಠ ಮಾಡ್ತಿರೋದು. ಮನಸ್ಸಿಗೆ ಅನ್ನಿಸಿದ್ದನ್ನು ಬರೆಯಬಾರದಾ? ಅವರ ಕಾಲೇಜೇ "ಭಾವನೆಗಳು" ಅಂತ ಕೇಳಿದೆ.

ಚಾಕ್ ಪುಡಿ

ಬರೆಯಬಹುದು. ಆದರೆ ಯಾವ ಭಾವನೆ ಪಾಠವನ್ನು ಯಾವ ಕಡೆ ತಿರುಗಿಸಿತು ಅಂತ ಬರೆದರೆ ಮಾತ್ರ ಪ್ರಯೋಜನ. ಗಿಬ್ಸ್ 1988ರಲ್ಲಿ ಕೊಟ್ಟ ಚಕ್ರದಲ್ಲಿ ಭಾವನೆ ಆರರಲ್ಲಿ ಒಂದು ಹಂತ ಅಷ್ಟೇ. ನಮ್ಮ ಪ್ರಶಿಕ್ಷಣಾರ್ಥಿಗಳು 1500 ಪದದಲ್ಲಿ ಅರ್ಧ ಅಲ್ಲೇ ಖರ್ಚು ಮಾಡಿ, ವಿಶ್ಲೇಷಣೆಗೆ ಬರುವ ಹೊತ್ತಿಗೆ ದಣಿದಿರುತ್ತಾರೆ.

ನಿಮ್ಮದನ್ನೇ ತೆಗೆದುಕೊಳ್ಳಿ. ಹಾಳೆ ಜಾರುವುದು ನೋಡಿ ನಿಮಗೆ ಗಾಬರಿ ಆಗಿರಬೇಕು. ಗಾಬರಿಯಲ್ಲಿ ಹತ್ತಿರ ಇದ್ದ ಹುಡುಗನಿಗೆ "ಸಹಾಯ ಮಾಡು" ಅಂದಿರಿ, ಏನು ಸಹಾಯ ಅಂತ ಹೇಳಲಿಲ್ಲ. ಅದಕ್ಕೇ ಅವನು ಕೈವಾರವನ್ನೇ ತೆಗೆದುಕೊಂಡ. "ಹಾಳೆ ಹಿಡಿ, ಉಳಿದದ್ದು ಅವನು ಹೇಳಿದ ಹಾಗೆ" ಅಂದಿದ್ದರೆ ಮೊದಲ ಐದು ನಿಮಿಷ ಬೇರೆ ಥರ ಇರುತ್ತಿತ್ತು. ಹೀಗೆ ಬರೆದರೆ ಭಾವನೆಯಿಂದ ವಿಶ್ಲೇಷಣೆಗೆ ತಾನಾಗಿಯೇ ದಾರಿ ಸಿಗುತ್ತದೆ, ಕಣ್ಣೀರು ಬೇಕಾಗುವುದಿಲ್ಲ. ಮುಂದಿನ ಯೋಜನೆ ಅನ್ನುವ ಹಂತದಲ್ಲೂ "ಎಲ್ಲರನ್ನೂ ಒಳಗೊಳ್ಳಲು ಶ್ರಮಿಸುತ್ತೇನೆ" ಅಂತ ಬರೆಯಬೇಡಿ. ಮುಂದಿನ ರಚನೆ ಯಾವುದು, ಹಾಳೆಗೆ ಏನು ಮಾಡುತ್ತೀರಿ, ಗೆಳೆಯನಿಗೆ ಏನು ಹೇಳುತ್ತೀರಿ, ಅದನ್ನು ಬರೆಯಿರಿ.

ಕಪ್ಪು ಹಲಗೆ

ಇನ್ನೊಂದು. ಹೆಸರು ಬದಲಿಸಿದರೂ "ಎಂಟನೇ ತರಗತಿ, ಎಡಗೈ ಬಿಗಿ" ಅಂದರೆ ಆ ಶಾಲೆಯಲ್ಲಿ ಎಲ್ಲರಿಗೂ ಯಾರು ಅಂತ ಗೊತ್ತಾಗುತ್ತದೆ. ಪ್ರಬಂಧವನ್ನು ಯಾರು ಯಾರು ಓದುತ್ತಾರೆ? ಅವನಿಗೆ, ಅವನ ಮನೆಯವರಿಗೆ ಗೊತ್ತಿದೆಯಾ? ಮತ್ತೆ, ಅವನಿಗೆ ಯಾವ ಥರದ ಸಹಾಯ ಬೇಕು ಅಂತ ಅವನನ್ನೇ ಕೇಳಿದ್ದೀರಾ?

ಹಿಂದಿನ ಬೆಂಚು

ಮೇಡಂ, ನಿಮ್ಮ ಮಾತು ಓದಿದ ಮೇಲೆ ಇವತ್ತು ಕೇಳಿದೆ. ಪ್ರಬಂಧದ ವಿಷಯ ಮನೆಯಲ್ಲಿ ಹೇಳಿ ಒಪ್ಪಿಗೆ ತರುತ್ತೇನೆ ಅಂದ, ಮೊದಲು ತನಗೆ ಓದಲು ಕೊಡಬೇಕಂತೆ. ಆ ಪ್ಯಾರಾ ಅಂತೂ ತೆಗೆದುಬಿಡುತ್ತೇನೆ.

ಉಪಾಯಗಳನ್ನೂ ಹೇಳಿದೆ. ಜಾರದ ಮ್ಯಾಟು ಬೇಕು ಅಂದ. ತಿರುಪಿನ ಕೈವಾರವೂ ಬೇಕು. ರಟ್ಟು ಬೇಡವಂತೆ, ಮೇಜೆಲ್ಲ ತುಂಬಿಕೊಳ್ಳುತ್ತದೆ, ತನ್ನೊಬ್ಬನ ಮುಂದೆ ಮಾತ್ರ ಇರುತ್ತದೆ ಅಂತ. ಟೇಪು ಪರವಾಗಿಲ್ಲ. ಸ್ಕೇಲ್ ಹಿಡಿಯಲು ಗೆಳೆಯನೇ ಇರಲಿ ಅಂದ. "ಹಿಂಬದಿಗೆ ರಬ್ಬರ್ ಹಾಕಿದರೆ ನೀನೊಬ್ಬನೇ ಎಳೆಯಬಹುದಲ್ಲ" ಅಂದರೆ, "ಎಳೆಯಬಹುದು ಸರ್, ಬೋರು" ಅಂದ.

ನಿಯಮದ ಪುಸ್ತಕ

ಇದೇ ಅವಲಂಬನೆ ಅಂದರೆ.

ಒಂದು ಕೈ ಸಾಕು

ಅಲ್ಲ. ಒಬ್ಬನೇ ಮಾಡಲು ದಾರಿ ಇದ್ದೂ ಜೊತೆಗೆ ಮಾಡುತ್ತೇನೆ ಅಂದರೆ ಅದು ಆಯ್ಕೆ. ಬೇರೆ ಮಕ್ಕಳೂ ಅದನ್ನೇ ಮಾಡುತ್ತಾರೆ, ಅವರಿಗೆ ಯಾರೂ ಅವಲಂಬನೆ ಅನ್ನುವುದಿಲ್ಲ. ಆದರೆ ರಬ್ಬರ್ ಹಾಕಿದ ಸ್ಕೇಲು ಅವನ ಬ್ಯಾಗಿನಲ್ಲಿ ಇರಲೇಬೇಕು. ಗೆಳೆಯನಿಗೆ ಜ್ವರ ಬಂದ ದಿನ, ಜಗಳ ಆಡಿದ ದಿನ ಏನು ಮಾಡುತ್ತಾನೆ?

ಕೈಕೆಲಸದಾಕೆ

ರಟ್ಟು ಬೇಡ ಅಂದಿದ್ದು ನನಗೆ ಅರ್ಥವಾಯಿತು. ಎಲ್ಲ ಬೆಂಚಿಗೂ ಒಂದೊಂದು ಹಳೆಯ ನೋಟ್‌ಬುಕ್ ಕೆಳಗೆ ಇಟ್ಟುಕೊಳ್ಳಿ ಅಂತ ಇಡೀ ತರಗತಿಗೆ ಹೇಳಿ. ಮುಳ್ಳು ಇಳಿಯಲು ಅಷ್ಟು ದಪ್ಪ ಸಾಕು, ಎಲ್ಲರ ಮೇಜಿನ ಮರಕ್ಕೂ ತೂತು ತಪ್ಪುತ್ತದೆ.

ಗಾಳಿಪಟ

ಮೇಜಿಗೆ ತೂತು ಮಾಡದೆ ಬೆಳೆದವರು ಯಾರಿದ್ದಾರೆ ಇಲ್ಲಿ?

ಎಲ್ಲರಿಗೂ ಒಂದೇ

ನನ್ನ ಪ್ರಶ್ನೆ ಹಾಗೇ ಉಳಿಯಿತು. ವಾರ್ಷಿಕ ಪರೀಕ್ಷೆಯಲ್ಲಿ ಸ್ಕೇಲ್ ಹಿಡಿಯಲು ಬರುವ ವ್ಯಕ್ತಿ ಕಂಸಕ್ಕೆ ಕೈ ಹಾಕಲಿಲ್ಲ ಅಂತ ಯಾರು ನೋಡುತ್ತಾರೆ? ತ್ರಿಜ್ಯ ತಪ್ಪಿದ್ದರೆ ಮೆತ್ತಗೆ ಸರಿ ಮಾಡಿಬಿಟ್ಟರೆ?

ಚಾಕ್ ಪುಡಿ

ಪ್ರತಿ ಪರೀಕ್ಷಾ ಮಂಡಳಿಗೂ ಅದರದೇ ನಿಯಮ ಇರುತ್ತದೆ, ಮೊದಲೇ ಬರೆದು ಕೇಳಬೇಕು. ತರಗತಿಯಲ್ಲಿ ಮಾಡಬಹುದಾದದ್ದು ಒಂದಿದೆ. ಹಿಡಿಯುವವನು ಬಾಯಿ ತೆರೆಯಬಾರದು, ಹೇಳಿದ್ದಷ್ಟನ್ನೇ ಮಾಡಬೇಕು. "P ಹತ್ತಿರ ಮೇಲೆ, Q ಹತ್ತಿರ ಎಡಕ್ಕೆ" ಅಂತ ಇವನು ಮಾತಿನಲ್ಲಿ ಹೇಳಿ ಅಭ್ಯಾಸ ಮಾಡಲಿ. ಅಪರಿಚಿತ ಸಹಾಯಕ ಬಂದಾಗ "ಸ್ವಲ್ಪ ಮೇಲೆ, ಸಾಕು" ನಡೆಯುವುದಿಲ್ಲ. ನೀವು ಕೇಳಿದ ಮೋಸದ ಪ್ರಶ್ನೆಗೆ ಮಾತ್ರ ನನಗೂ ಪೂರ್ತಿ ಸಮಾಧಾನ ಇಲ್ಲ.

ಹಿಂದಿನ ಬೆಂಚು

ಮುಂದಿನ ಪಾಠ ಕೋನಾರ್ಧಕ. ಯೋಜನೆಯಲ್ಲಿ ಉದ್ದೇಶ ಎರಡು ಸಾಲಾಗಿ ಬೇರೆ ಬೇರೆ ಬರೆದಿದ್ದೇನೆ, ತಿಳಿವಳಿಕೆಗೆ ಒಂದು, ಕೈವಾರಕ್ಕೆ ಒಂದು. ಈ ಸಲ ಗೆಳೆಯನ ಹಾಳೆಯಲ್ಲಿ ಗೆಳೆಯ ಮೊದಲು ಮಾಡುತ್ತಾನೆ, ಇವನು ತಿದ್ದುತ್ತಾನೆ. ಆಮೇಲೆ ಅದಲುಬದಲು. ಮಾರ್ಗದರ್ಶಕರಿಗೆ ತೋರಿಸಿದೆ. "ಕೋನದ ಅಳತೆ ಎಷ್ಟು ಕೊಡುತ್ತೀರಿ?" ಅಂತ ಕೇಳಿ ಹೋದರು.

ಚಾಕ್ ಪುಡಿ

70 ಡಿಗ್ರಿ ಕೊಡಿ. 60 ಕೊಟ್ಟರೆ ಅರ್ಧ 30 ಅಂತ ಕೋನಮಾಪಕದಲ್ಲಿ ನೋಡಿ ಗೆರೆ ಎಳೆದುಬಿಡುತ್ತಾರೆ.

ಎಡಚ

70ರ ಅರ್ಧ 35 ಅಂತಲೂ ಎಳೀತಾರೆ ಸರ್. ನಾವು ಎಳೆದಿದ್ದೆವು. ಅಳತೆ ಹೇಳಲೇಬೇಡಿ, ಸುಮ್ನೆ ಒಂದು ಕೋನ ಬರೆದು ಕೊಡಿ, ಕೋನಮಾಪಕ ಬ್ಯಾಗಿನಲ್ಲೇ ಇರಲಿ.